ಗುತ್ತಿಗಾರಿನ ಕ್ಲಿನಿಕ್ಕಿಗೆ ಎರಡು ಸಲ ಆದ ಉದ್ಘಾಟನೆ

ಔಷಧಿ ಕಂಪೆನಿಯ ಪ್ರತಿನಿಧಿ, ಅಂದರೆ ಜನ ಬಾಯಲ್ಲಿ ಹೇಳುವ ‘ಮೆಡಿಕಲ್ ರೆಪ್’, ತನ್ನ ಆಯುಷ್ಯದ ಹೆಚ್ಚು ಪಾಲನ್ನು ಡಾಕ್ಟರರ ಬೆಂಚಿನ ಮೇಲೆ ಕಳೆಯುತ್ತಾನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಂದರ್ಶನದಲ್ಲಿ ಟೈ ಕಟ್ಟಿಸಿ, ಇಂಗ್ಲಿಷ್ ಮಾತಾಡಿಸಿ, ಗುರಿ ಸಾಧನೆ ಅಂತ ತಲೆ ತಿನ್ನುತ್ತಾರೆ. ಆಮೇಲೆ ಪುತ್ತೂರು, ಸುಳ್ಯ, ಕಡಬ ಅಂತ ಮೂರು ಊರು ಕೊಟ್ಟು ಬಿಟ್ಟುಬಿಡುತ್ತಾರೆ. ನನ್ನನ್ನೂ ಹಾಗೇ ಬಿಟ್ಟರು. ನರಿಮೊಗರಿನ ಮನೆಯಿಂದ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟರೆ ಎಲ್ಲಿ ಊಟ, ಎಲ್ಲಿ ಮಳೆ ಅಂತ ಗೊತ್ತಿರುತ್ತಿರಲಿಲ್ಲ.

ನಿವೃತ್ತನಾದ ಮೇಲೂ ನನ್ನನ್ನು ಒಂದು ವಿಷಯಕ್ಕೆ ಜನ ಕರೆಯುತ್ತಾರೆ. ಯಾರಾದರೂ ಹೊಸ ಕ್ಲಿನಿಕ್ ತೆರೆಯುತ್ತಾರೆ ಅಂದರೆ, “ಶೀನಣ್ಣ, ಧನ್ಯವಾದದ್ದು ಸ್ವಲ್ಪ ನೋಡಿಕೊಳ್ಳಿ” ಅಂತ ಫೋನು ಬರುತ್ತದೆ. ಉದ್ಘಾಟನೆಯ ದಿನ ಡಾಕ್ಟರು ಮಾಡುವ ಭಾಷಣವನ್ನು ನನ್ನಷ್ಟು ಸಲ ಕೇಳಿದವರು ಈ ಮೂರು ತಾಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆಪರೇಷನ್ ಕಲಿಯುವುದಕ್ಕೆ ಕಾಲೇಜು ಉಂಟು, ಈ ಭಾಷಣ ಕಲಿಸುವುದಕ್ಕೆ ಎಲ್ಲಿಯೂ ಇಲ್ಲ. ಹತ್ತು ನಿಮಿಷದ ಮಾತು, ಆದರೆ ಅದರಲ್ಲಿ ಒಂದು ಹೆಸರು ತಪ್ಪಿದರೆ ವರ್ಷಗಟ್ಟಲೆ ಅನುಭವಿಸಬೇಕು.

ಪುತ್ತೂರಿನ ಒಬ್ಬ ಮಕ್ಕಳ ಡಾಕ್ಟರು ಮೇಸ್ತ್ರಿಯಿಂದ ಹಿಡಿದು ಮೈಕಿನವರ ತನಕ ಎಲ್ಲರಿಗೂ ಧನ್ಯವಾದ ಹೇಳಿ, ಮೊದಲ ಸಾಲಿನಲ್ಲಿ ಕೂತಿದ್ದ ಮಾವನ ಹೆಸರನ್ನೇ ಬಿಟ್ಟರು. ಮಾವ ಊಟ ಮಾಡದೆ ಹೊರಟರು. ಡಾಕ್ಟರ ಹೆಂಡತಿಯೂ ಅಪ್ಪನ ಹಿಂದೆಯೇ ಹೊರಟಳು. ಡಾಕ್ಟರಿಗೆ ಆ ದಿನ ಸಿಕ್ಕಿದ ಹೂಗುಚ್ಛಗಳನ್ನೆಲ್ಲ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಅತ್ತೆಮನೆಗೆ ಹೋಗಿ ಕಾಲಿಗೆ ಬೀಳಬೇಕಾಯಿತು.

ಹಾಗಾಗಿ ನಾನು ಒಂದು ಕ್ರಮ ಮಾಡಿಕೊಟ್ಟಿದ್ದೇನೆ. ಮೊದಲು ದೇವರು, ದೈವ. ಆಮೇಲೆ ತಂದೆ ತಾಯಿ, ಕಲಿಸಿದವರು, ಕಟ್ಟಡದ ಯಜಮಾನರು. ಆಮೇಲೆ ಕೆಲಸದವರು, ಅವರನ್ನು ಹೆಸರು ಹಿಡಿದು ಕರೆಯಬೇಕು. ಕರೆದವರು ಕೂತಲ್ಲೇ ಎದ್ದು ನಿಂತು ಕೈ ಮುಗಿಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಟೈಲ್ಸ್ ಹಾಕಿದವನಿಗೆ ಆ ಒಂದು ಕ್ಷಣ ಸಿಕ್ಕಿತು ಅಂದರೆ ಅವನು ನೂರು ಜನರ ಹತ್ತಿರ ಆ ಕ್ಲಿನಿಕ್ಕಿನ ಸುದ್ದಿ ಹೇಳುತ್ತಾನೆ. ಕೊನೆಗೆ ಪಂಚಾಯತಿನವರು, ಅಕ್ಕಪಕ್ಕದ ಅಂಗಡಿಯವರು, ಅಡುಗೆಯವರು. “ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ” ಅಂತ ಒಂದು ಮಾತು ಸೇರಿಸಿದರೆ ಬಿಟ್ಟುಹೋದವರೆಲ್ಲ ಅದರೊಳಗೆ ಬರುತ್ತಾರೆ.

ಧನ್ಯವಾದ ಮುಗಿದ ಮೇಲೆ ಬರುವುದು ಮಾತು ಕೊಡುವ ಭಾಗ. ಇಲ್ಲಿ ಎಲ್ಲರೂ ಎಡವುತ್ತಾರೆ. “ದಿನದ ಇಪ್ಪತ್ತನಾಲ್ಕು ಗಂಟೆ ನಿಮ್ಮ ಸೇವೆ” ಅಂತ ಒಬ್ಬರು ಹೇಳಿ, ಮಾರನೇ ದಿನ ಸಂಜೆಗೆ ಶಟರ್ ಎಳೆದದ್ದನ್ನು ಕಂಡಿದ್ದೇನೆ. ನಾನು ಕೇಳಿದ ಒಳ್ಳೆಯ ಮಾತು ಅಂದರೆ ಕಡಬದ ಒಬ್ಬ ಬ್ಯಾರಿ ಮುಸ್ಲಿಂ ಡಾಕ್ಟರದ್ದು. ಅವರ ತಂದೆಗೆ ಪೇಟೆಯಲ್ಲಿ ದಿನಸಿ ಅಂಗಡಿ ಇತ್ತು. “ನನ್ನ ತಂದೆ ತಕ್ಕಡಿ ಸರಿ ಹಿಡಿದವರು. ನಾನೂ ಅಷ್ಟೇ ಮಾಡುದು” ಅಂತ ಹೇಳಿ ಕೂತರು. ಇವತ್ತಿಗೂ ಅವರಲ್ಲಿ ಜನ ತುಂಬಿರುತ್ತಾರೆ.

ಇನ್ನು ಹರ್ಷಿತಾಳ ಸಂಗತಿ ಹೇಳುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ನಂಬುವವರು ನಂಬಲಿ, ನಗುವವರು ನಗಲಿ, ನನ್ನ ಗಂಟು ಏನೂ ಹೋಗುವುದಿಲ್ಲ.

ಹರ್ಷಿತಾ ಗುತ್ತಿಗಾರಿನ ಗೌಡರ ಮನೆಯ ಹುಡುಗಿ, ಮನೆಯಲ್ಲಿ ಆಡುವುದು ಅರೆಭಾಷೆ ಕನ್ನಡ. ಡಾಕ್ಟರಿಕೆ ಕಲಿತು, ಮಂಗಳೂರಿನ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ದುಡಿದು, ಊರಲ್ಲೇ ಕ್ಲಿನಿಕ್ ಮಾಡುತ್ತೇನೆ ಅಂತ ಬಂದಳು. ಪೇಟೆಯಲ್ಲಿ ಅವಳಿಗೆ ಸಿಕ್ಕಿದ್ದು ಪೂವಪ್ಪ ಗೌಡರ ಕಟ್ಟಡದ ಕೆಳಗಿನ ಕೋಣೆ. ಅದು ಹಿಂದೆ ನರಸಿಂಹ ಡಾಕ್ಟರ ಕ್ಲಿನಿಕ್ ಆಗಿತ್ತು.

ನರಸಿಂಹ ಡಾಕ್ಟರನ್ನು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಡೆ. ರೆಪ್‌ಗಳನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. “ನಿನ್ನ ಮದ್ದು ಒಳ್ಳೆದಾ ಅಂತ ನಿನ್ನ ಹತ್ರ ಕೇಳುದಾ ಮಾರಾಯ? ಕುಡಿದವನ ಹತ್ರ ಕೇಳ್ತೇನೆ” ಅನ್ನುತ್ತಿದ್ದರು. ಅವರದ್ದೊಂದು ವಿಚಿತ್ರ ಅಭ್ಯಾಸ. ರೋಗಿಯನ್ನು ನೋಡಿ, ಚೀಟಿ ಬರೆದು ಕಳಿಸಿ, ಅವನು ಬಾಗಿಲು ದಾಟುವಷ್ಟರಲ್ಲಿ, “ಬನ್ನಿ, ಇನ್ನೊಮ್ಮೆ ನೋಡುವ” ಅಂತ ವಾಪಸು ಕರೆಯುತ್ತಿದ್ದರು. ಎಲ್ಲರನ್ನೂ ಅಲ್ಲ, ಕೆಲವರನ್ನು ಮಾತ್ರ. ವಾಪಸು ಕರೆದವರಲ್ಲಿ ಏನಾದರೂ ಒಂದು ಸಿಕ್ಕುತ್ತಿತ್ತು, ಒಂದು ಗಂಟು, ಒಂದು ಹಳದಿ ಕಣ್ಣು. ಕಾಯುತ್ತಾ ಕೂತ ನನಗೆ ಆ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ದಪ್ಪ, ಸ್ವಲ್ಪ ಒಡೆದ ಸ್ವರ. ಮಾತಿನ ಮೊದಲು ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವರು ಊಟದ ಮುಂದೆಯೇ ತೀರಿಕೊಂಡರು. ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದವರಿಗೆ ಯಾರೂ ಬಂದು ಹೇಳಲಿಲ್ಲವಂತೆ. ಅವರು ಸಂಜೆಯ ತನಕ ಕಾದು ಎದ್ದು ಹೋದರು.

ಆಮೇಲೆ ಆ ಕೋಣೆಯಲ್ಲಿ ಯಾರೂ ನಿಲ್ಲಲಿಲ್ಲ. ಮೊಬೈಲ್ ಅಂಗಡಿಯವನು ಬಿಟ್ಟ. ಹೊಲಿಗೆಯ ಶಾರದಕ್ಕ ಬಿಟ್ಟರು. ಮಧ್ಯಾಹ್ನ ಶಟರ್ ಎಳೆಯುವಾಗ ಒಳಗಿನಿಂದ ಕೆಮ್ಮಿ, “ಬನ್ನಿ, ಇನ್ನೊಮ್ಮೆ ನೋಡುವ” ಅಂದ ಹಾಗೆ ಕೇಳಿಸುತ್ತದೆ ಅಂತ ಶಾರದಕ್ಕ ಹೇಳಿದ್ದು ಪೇಟೆಗೆಲ್ಲ ಹಬ್ಬಿತು. ಹಗಲೇ ಆಗಲಿ, ನಡುಮಧ್ಯಾಹ್ನ ಆ ಜಗಲಿಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ನಾನು ನಕ್ಕವನೇ. ಹೊಲಿಗೆಯವರಿಗೆ ಬಾಡಿಗೆ ಜಾಸ್ತಿಯಾಯಿತೋ ಏನೋ ಅಂದುಕೊಂಡೆ.

ಹರ್ಷಿತಾ ನನ್ನನ್ನು ಚಿಕ್ಕಂದಿನಿಂದ ‘ಶೀನ ಮಾಮ’ ಅಂತಲೇ ಕರೆಯುವುದು. ಉದ್ಘಾಟನೆಗೆ ಮೊದಲು ಭಾಷಣದ ವಿಷಯ ಮಾತಾಡಲು ಕರೆದಿದ್ದಳು. ಕೋಣೆಗೆ ಬಣ್ಣ ಆಗಿತ್ತು, ಹೊಸ ಟೇಬಲ್, ಹೊಸ ಇಸಿಜಿ ಯಂತ್ರ, ಅದರ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಗೋಡೆಯ ಬದಿಗೆ ಒಂದು ಹಳೆಯ ಮರದ ಬೆಂಚು.

“ಇದು ಎಲ್ಲಿ ಸಿಕ್ಕಿತು ನಿನಗೆ?” ಅಂತ ಕೇಳಿದೆ.

“ಹಿಂದಿನ ಗೋಡೌನಲ್ಲಿತ್ತು ಮಾಮ. ತೊಳೆದು ತಂದದ್ದು. ನರಸಿಂಹ ಡಾಕ್ಟ್ರದ್ದಂತೆ. ಧನ್ಯವಾದದಲ್ಲಿ ಅವರ ಹೆಸರನ್ನೂ ಹೇಳ್ತೇನೆ.”

ಅವಳ ಸೋದರಮಾವ ಜನಾರ್ದನ ಮಾಸ್ಟ್ರು ಅಲ್ಲೇ ಇದ್ದರು. ಕಾರ್ಯಕ್ರಮದ ನಿರೂಪಣೆ ಅವರದ್ದು. “ನಿಂಗೆ ತಲೆ ಸರಿ ಉಂಟಾ?” ಅಂತ ರೇಗಿದರು. “ಜನ ಮೊದಲೇ ಈ ಕೋಣೆಗೆ ಹೆದರುದು. ಒಳ್ಳೆ ದಿನ ಸತ್ತವರ ಹೆಸರೆತ್ತಿ ಕರಿಯುದಾ? ಒಂದು ಪಿಳ್ಳೆ ಬರ್ಲಿಕ್ಕಿಲ್ಲ ಆಮೇಲೆ.”

“ಬರದಿದ್ರೆ ನಾನು ಮಂಗಳೂರಿಗೇ ವಾಪಸ್ ಹೋಗುದು ಮಾವ. ಅಲ್ಲಿ ಆಸ್ಪತ್ರೆಯಲ್ಲಿ ನನ್ನ ಸೀಟು ಇನ್ನೂ ಖಾಲಿ ಉಂಟು” ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ನಗಲಿಲ್ಲ. ಊರಲ್ಲಿ ನಿಲ್ಲಬೇಕು ಅಂತ ಅವಳಿಗೆ ಎಷ್ಟು ಆಸೆ ಇತ್ತು ಅಂತ ನನಗೆ ಗೊತ್ತಿತ್ತು. ಮಳೆಗಾಲದ ರಾತ್ರಿ ಸುಳ್ಯದ ತನಕ ಜೀಪಿನಲ್ಲಿ ಒಯ್ಯುವಾಗ ದಾರಿಯಲ್ಲೇ ತೀರಿಹೋದವರು ಅವಳ ಮನೆಯಲ್ಲೂ ಇದ್ದಾರೆ.

ನಾನು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಹೆಸರು ಹೇಳಿದರೆ ಎದ್ದು ನಿಲ್ಲುವವರು ಇರಬೇಕಲ್ಲ, ಚಪ್ಪಾಳೆ ಯಾರಿಗೆ ತಟ್ಟುವುದು ಅಂತ ಮಾತ್ರ ಕೇಳಿದೆ. ಅವಳಿಗೂ ಅದು ಹೌದೆನಿಸಿರಬೇಕು. ಮತ್ತೆ ಬೆಂಚು ಒರೆಸತೊಡಗಿದಳು.

ಉದ್ಘಾಟನೆಯ ದಿನ ಹೊರಗೆ ಶಾಮಿಯಾನ, ಕುರ್ಚಿ, ಒಲೆಯ ಮೇಲೆ ಪಾಯಸ. ಮುಖ್ಯ ಅತಿಥಿ ತಡ ಮಾಡಿದರು. ಅದು ಎಲ್ಲ ಕಡೆಯೂ ಇದ್ದದ್ದೇ. ದೀಪ ಹಚ್ಚಿ, ಅತಿಥಿಗಳು ಮಾತಾಡಿ, ಹರ್ಷಿತಾಳ ಸರದಿ ಬರುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಶಾಮಿಯಾನದ ಅಂಚಿನ ನೆರಳು ಕುಗ್ಗಿ, ಹಿಂದಿನ ಸಾಲಿನವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಜಗಲಿಯ ಹತ್ತಿರದ ಸಾಲು ಮಾತ್ರ ಖಾಲಿಯಾಗಿಯೇ ಉಳಿಯಿತು.

ಅವಳು ಚೆನ್ನಾಗಿಯೇ ಮಾತಾಡಿದಳು. ಊರ ದೈವಕ್ಕೆ, ಅಪ್ಪ ಅಮ್ಮನಿಗೆ, ಶಾಲೆಯ ಟೀಚರಿಗೆ. ಪೂವಪ್ಪ ಗೌಡರ ಹೆಸರು ಹೇಳಿದಾಗ ಅವರು ಎದ್ದು ಎರಡೂ ಕೈ ಮೇಲೆತ್ತಿ ಆಶೀರ್ವಾದ ಮಾಡಿದರು. ಆಜಾನುಬಾಹು ಮನುಷ್ಯ, ದೊಡ್ಡ ನಗು. ಬಣ್ಣದವರು, ಕರೆಂಟಿನವರು, ಬಡಗಿ, ಒಬ್ಬೊಬ್ಬರಾಗಿ ಎದ್ದರು.

ಆಮೇಲೆ ಕೋಣೆಯ ಕಡೆ ತಿರುಗಿದಳು. ನನಗೆ ಗೊತ್ತಾಯಿತು.

“ಇನ್ನೊಬ್ಬರು ಇದ್ದಾರೆ. ಈ ಕೋಣೆಯಲ್ಲಿ ನನಗಿಂತ ಮೊದಲು ಕೂತವರು, ನರಸಿಂಹ ಡಾಕ್ಟ್ರು. ನಾನು ಅವರನ್ನು ನೋಡ್ಲಿಲ್ಲ. ಆದ್ರೆ ನನ್ನ ಅಜ್ಜಿಯನ್ನು ಅವರು ಬಾಗಿಲಿನಿಂದ ವಾಪಸ್ ಕರ್ದು ನೋಡಿದ್ದಕ್ಕೆ ಅಜ್ಜಿ ಬದುಕಿದ್ದು. ಅವರಿಗೂ ನನ್ನ ಧನ್ಯವಾದ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಲೆಯ ಹತ್ತಿರ ಸೌಟಿನ ಸದ್ದೂ ನಿಂತಿತು. ಜನಾರ್ದನ ಮಾಸ್ಟ್ರು ಮೈಕಿನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡರು. ಕೆಲವರು ಮೆಲ್ಲ ತಿರುಗಿ ಕೋಣೆಯ ಬಾಗಿಲನ್ನು ನೋಡಿದರು.

ಅವಳು ಬಿಡದೆ ಮುಂದುವರಿಸಿದಳು. “ನಾನು ದೊಡ್ಡ ದೊಡ್ಡ ಮಾತು ಹೇಳುದಿಲ್ಲ. ಬೇಡದ ಟೆಸ್ಟು ಬರೆಯುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಹೇಳುದಿಲ್ಲ. ನನ್ನ ಕೈಯಲ್ಲಿ ಆಗುದಿಲ್ಲ ಅಂತಾದ್ರೆ ಆಗ್ಲೇ ಹೇಳಿ ದೊಡ್ಡ ಆಸ್ಪತ್ರೆಗೆ ಕಳಿಸ್ತೇನೆ, ಇಲ್ಲಿ ಕೂರಿಸಿಕೊಳ್ಳುದಿಲ್ಲ. ಕಂಡದ್ದನ್ನು ಕಂಡ ಹಾಗೆ ನಿಮ್ಮ ಮುಖ ನೋಡಿಯೇ ಹೇಳ್ತೇನೆ. ಇದು ಎಲ್ಲರ ಎದುರು ಕೊಟ್ಟ ಮಾತು.”

ಈಗ ಚಪ್ಪಾಳೆ ಬಿತ್ತು, ಸ್ವಲ್ಪ.

ನಮ್ಮಲ್ಲಿ ಇನ್ನೊಂದು ಕ್ರಮ ಉಂಟು. ಕ್ಲಿನಿಕ್ ತೆರೆದ ದಿನ ಹಿರಿಯರೊಬ್ಬರನ್ನು ಒಳಗೆ ಕೂರಿಸಿ ಮೊದಲ ರೋಗಿಯ ಹಾಗೆ ಬಿಪಿ ನೋಡುವುದು. ಫೋಟೋಕ್ಕೆ ಅಷ್ಟೆ. ಗಟ್ಟಿಮುಟ್ಟಾದವರನ್ನೇ ಆರಿಸುತ್ತಾರೆ. ಡಾಕ್ಟರು ಪಟ್ಟಿ ಸುತ್ತಿ, ಗಾಳಿ ತುಂಬಿ, “ಎಲ್ಲ ಒಳ್ಳೆದುಂಟು” ಅಂತ ದೊಡ್ಡಕ್ಕೆ ಹೇಳಬೇಕು. ಜನ ಚಪ್ಪಾಳೆ ತಟ್ಟಬೇಕು. ಆಮೇಲೆ ಊಟ. ಎಲ್ಲ ಒಳ್ಳೆದುಂಟು ಅನ್ನುವ ಮಾತು ಕ್ಲಿನಿಕ್ಕಿಗೆ ಶಕುನ.

ಇಲ್ಲಿ ಕೂತದ್ದು ಪೂವಪ್ಪ ಗೌಡರು. ಬಾಗಿಲಲ್ಲಿ ಜನ ಇಣುಕುತ್ತಿದ್ದರು, ಒಳಗೆ ಬಂದದ್ದು ನಾಲ್ಕೈದು ಮಂದಿ. ನನ್ನ ಮೊಣಕಾಲು ನೋಯುತ್ತಿತ್ತು, ಹೋಗಿ ಗೋಡೆಬದಿಯ ಬೆಂಚಿನಲ್ಲಿ ಕೂತೆ. ಅದರಲ್ಲಿ ಬೇರೆ ಯಾರೂ ಕೂರಲಿಲ್ಲ. ಹರ್ಷಿತಾ ಪಟ್ಟಿ ಸುತ್ತಿದಳು, ಫೋಟೋದವನು ಕ್ಲಿಕ್ಕಿಸಿದ.

“ಸ್ವಲ್ಪ ಜಾಸ್ತಿ ಉಂಟು ಅಜ್ಜ. ಓಡಾಟದ್ದು” ಅಂತ ನಕ್ಕಳು. ಪಟ್ಟಿ ಬಿಚ್ಚಲು ಕೈ ಹಾಕಿದಳು. ಗೌಡರು ಏಳಲು ಹೊರಟರು.

ಆಗ ನನ್ನ ಬಲಕಿವಿಯ ಪಕ್ಕದಲ್ಲಿ ಯಾರೋ ಸಣ್ಣಗೆ ಕೆಮ್ಮಿದರು.

“ಇನ್ನೊಮ್ಮೆ ನೋಡುವ.”

ಆ ಸ್ವರವನ್ನು ನಾನು ಎಷ್ಟು ಸಲ ಕೇಳಿದ್ದೆನೋ ಲೆಕ್ಕ ಇಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಫ್ಯಾನು ತಿರುಗುತ್ತಿದ್ದರೂ ಬಲಗಡೆಗೆ ಗಾಳಿ ಮುಟ್ಟುತ್ತಿರಲಿಲ್ಲ, ಯಾರೋ ಅಡ್ಡ ಕೂತ ಹಾಗೆ.

ಹರ್ಷಿತಾ ತಲೆ ಎತ್ತಿ ನನ್ನ ಕಡೆ ನೋಡಿದಳು. ಮತ್ತೆ ಗೌಡರ ಕಡೆ ತಿರುಗಿ, ಅವರ ಹೆಗಲಿಗೆ ಕೈ ಇಟ್ಟು ಕೂರಿಸಿದಳು. ಮಣಿಕಟ್ಟು ಹಿಡಿದಳು. ನಗು ಹೋಗಿತ್ತು.

“ಅಜ್ಜ, ನೀವು ಬೆವರ್ತಾ ಇದ್ದೀರಿ.”

“ಸೆಕೆ ಅಲ್ವಾ ಮಗಾ.”

“ದವಡೆ ಯಾಕೆ ಉಜ್ಜುದು?”

“ಬೆಳಿಗ್ಗೆಯಿಂದ ಒಂಥರಾ ಹಿಡ್ದ ಹಾಗೆ. ಗ್ಯಾಸು. ನಿನ್ನೆ ಪತ್ರೊಡೆ ತಿಂದದ್ದು ಜಾಸ್ತಿ ಆಯ್ತು.”

“ಎಡಗೈ?”

ಗೌಡರು ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು. ನಗಲು ನೋಡಿದರು. ಹರ್ಷಿತಾ ಇಸಿಜಿ ಯಂತ್ರದ ಪ್ಲಾಸ್ಟಿಕ್ಕನ್ನು ಹರಿದು ತೆಗೆದಳು. ಅಂಗಿ ಬಿಚ್ಚಿಸಿ, ಮಲಗಿಸಿ, ತಂತಿಗಳನ್ನು ಅಂಟಿಸಿದಳು. ಕಾಗದ ಹೊರಗೆ ಬಂತು. ಡಾಕ್ಟರುಗಳ ಎದುರು ಕಾದು ಕಾದು ನನಗೂ ಆ ಗೆರೆ ಸ್ವಲ್ಪ ಗೊತ್ತು. ಇಳಿಯಬೇಕಾದಲ್ಲಿ ಗೆರೆ ಇಳಿದಿರಲಿಲ್ಲ, ಗುಡ್ಡದ ಹಾಗೆ ಎದ್ದು ನಿಂತಿತ್ತು.

ಜನಾರ್ದನ ಮಾಸ್ಟ್ರು ಕಾಗದ ನೋಡಲಿಲ್ಲ, ಅವಳ ಮುಖ ನೋಡಿದರು. ಹತ್ತಿರ ಬಂದು ಪಿಸುಗುಟ್ಟಿದರು. “ಈಗ ಎಲ್ಲ ಒಳ್ಳೆದುಂಟು ಹೇಳು. ಹೊರಗೆ ಅಷ್ಟು ಜನ ಇದ್ದಾರೆ. ಊಟ ಆಗ್ಲಿ, ಆಮೇಲೆ ಮೆಲ್ಲ ಮನೆಯವರ ಹತ್ರ ಹೇಳುವ. ನೀನು ಆ ಹೆಸರು ಕರ್ದೆ, ಮೊದಲ ರೋಗಿಯೇ ಹೀಗೆ ಹೋದ್ರೆ ಈ ಬಾಗಿಲಿಗೆ ಇನ್ನು ನಾಯಿ ಬರ್ಲಿಕ್ಕಿಲ್ಲ ಮಗಳೇ.”

ಸುಳ್ಳು ಹೇಳುವುದಿಲ್ಲ, ಅವರ ಮಾತೂ ಸರಿ ಇತ್ತು. ಬಾಗಿಲಲ್ಲಿ ಜನ ಚಪ್ಪಾಳೆಗೆ ಕೈ ಎತ್ತಿಕೊಂಡು ನಿಂತಿದ್ದರು.

“ಈಗಷ್ಟೇ ಹೊರಗೆ ಎಂತ ಹೇಳಿದ್ದು ಮಾವ ನಾನು?” ಅಂದಳು. ಗೌಡರ ಪಕ್ಕದಲ್ಲಿ ಕೂತು, ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು. “ಅಜ್ಜ, ಇದು ಗ್ಯಾಸ್ ಅಲ್ಲ. ಹಾರ್ಟ್ ಅಟ್ಯಾಕ್ ಆಗ್ತಾ ಉಂಟು. ಇಲ್ಲಿ ನನ್ನ ಕೈಯಲ್ಲಿ ಆಗುದಿಲ್ಲ. ಈಗ್ಲೇ ಹೊರಡ್ಬೇಕು, ನಾನೂ ಬರ್ತೇನೆ.”

ಆಸ್ಪಿರಿನ್ ಮಾತ್ರೆ ಬಾಯಿಗೆ ಹಾಕಿ ಜಗಿಯಿರಿ ಅಂದಳು. ಬೇರೆ ಮಾತ್ರೆಗಳನ್ನೂ ಕೊಟ್ಟಳು. ಗೌಡರನ್ನು ಒಂದು ಹೆಜ್ಜೆ ನಡೆಯಲು ಬಿಡಲಿಲ್ಲ, ಕುರ್ಚಿಯಲ್ಲಿ ಕೂರಿಸಿ ಹುಡುಗರು ಹೊತ್ತುಕೊಂಡು, ಫೋನು ಮಾಡಿ ತರಿಸಿದ ಆಂಬುಲೆನ್ಸಿಗೆ ಒಯ್ದರು. ಹೃದಯದ ರಕ್ತನಾಳ ತೆರೆಯುವ ಆಸ್ಪತ್ರೆಗೇ ನೇರ ಫೋನು ಮಾಡಿ, ಇಸಿಜಿಯ ಫೋಟೋ ಕಳಿಸಿ, ಸಿದ್ಧವಾಗಿರಲು ಹೇಳಿದಳು. ಈ ಕೆಲಸಕ್ಕೆ ಬರುವವರು ಗಮನಿಸಿ. ಬದುಕಿಸುವುದು ಮಾತ್ರೆ ಒಂದೇ ಅಲ್ಲ, ಎಲ್ಲಿಗೆ ಒಯ್ಯಬೇಕು ಅಂತ ತಡವಿಲ್ಲದೆ ಹೇಳುವ ಬಾಯಿ ಕೂಡ.

ಆಂಬುಲೆನ್ಸು ಹೋದ ಮೇಲೆ ಶಾಮಿಯಾನದಲ್ಲಿ ಒಂದು ನರಪಿಳ್ಳೆ ಉಳಿಯಲಿಲ್ಲ. ಬಡಿಸಿದ ಎಲೆಗಳು ಹಾಗೇ ಇದ್ದವು. ಪಾಯಸವನ್ನು ಮುಟ್ಟಿದವರಿಲ್ಲ. “ಸತ್ತವರನ್ನು ಕರ್ದಳು, ಅವರು ಬಂದು ಒಬ್ಬರನ್ನು ಕರ್ಕೊಂಡು ಹೋದ್ರು” ಅಂತ ಸಂಜೆಯೊಳಗೆ ಗುತ್ತಿಗಾರಿನಿಂದ ಕಡಬದ ತನಕ ಸುದ್ದಿ ಹೋಯಿತು. ಗೌಡರು ಇನ್ನೂ ಬದುಕಿದ್ದಾರೆ ಅಂತ ಹೇಳಿದರೆ ಯಾರಿಗೂ ಕೇಳುವ ತಾಳ್ಮೆ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಬೆಳಿಗ್ಗೆ ಶಟರ್ ತೆಗೆದು ಸಂಜೆ ಹಾಕುತ್ತಿದ್ದಳು, ಅಷ್ಟೆ. ಮಂಗಳೂರಿಗೆ ಫೋನು ಮಾಡಿ ಸೀಟು ಇದೆಯೋ ಅಂತ ಕೇಳಿದ್ದಾಳೆ ಅಂತ ಜನಾರ್ದನ ಮಾಸ್ಟ್ರು ನನಗೆ ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಸುಳ್ಳು ಭಾಷಣಗಳಿಗೆ ಚಪ್ಪಾಳೆ ತಟ್ಟಿದ ಜನ, ಒಂದು ಹುಡುಗಿ ಕೊಟ್ಟ ಮಾತನ್ನು ಕೊಟ್ಟಲ್ಲೇ ಉಳಿಸಿಕೊಂಡದ್ದಕ್ಕೆ ಬೆನ್ನು ಹಾಕಿದ್ದರು.

ಪೂವಪ್ಪ ಗೌಡರು ವಾಪಸು ಬಂದರು. ಸ್ಟೆಂಟ್ ಹಾಕಿದ್ದರು, ತೂಕ ಇಳಿದಿತ್ತು, ದೊಡ್ಡ ನಗು ಮಾತ್ರ ಹಾಗೇ ಇತ್ತು. ಮನೆಗೂ ಹೋಗದೆ ಕಾರನ್ನು ನೇರ ಪೇಟೆಗೆ ತರಿಸಿ, ಕ್ಲಿನಿಕ್ಕಿನ ಜಗಲಿಯಲ್ಲಿ ನಡುಮಧ್ಯಾಹ್ನ ಕುರ್ಚಿ ಹಾಕಿಸಿ ಕೂತುಬಿಟ್ಟರು.

“ಅರ್ಧಕ್ಕೆ ನಿಂತ ಕಾರ್ಯ ಹಾಗೆ ಬಿಡ್ಲಿಕ್ಕುಂಟಾ? ಪಾಯಸ ಮಾಡ್ಸಿ ಮಾರಾಯ್ರೆ! ಹತ್ತು ನಿಮಿಷ ತಡ ಆಗಿದ್ರೆ ನನ್ನ ಉತ್ತರಕ್ರಿಯೆಯ ಬೊಜ್ಜದ ಊಟ ಮಾಡ್ತಿದ್ರಿ ನೀವೆಲ್ಲ, ಅಂತ ಆ ದೊಡ್ಡ ಡಾಕ್ಟ್ರೇ ಹೇಳಿದ್ದು!” ಅಂತ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದರು.

ಜನ ಬಂದರು. ಕುತೂಹಲಕ್ಕೆ ಬಂದವರೇ ಹೆಚ್ಚು, ಆದರೆ ಬಂದರು. ಎರಡನೇ ಸಲದ ಕಾರ್ಯಕ್ರಮಕ್ಕೆ ಶಾಮಿಯಾನ ಇಲ್ಲ, ಮೈಕೂ ಇಲ್ಲ. ಒಳಗಿನ ಕೋಣೆಯಲ್ಲೇ ದೀಪ ಹಚ್ಚಿದರು. ಕುರ್ಚಿ ಸಾಲದೆ ಹೆಚ್ಚಿನವರು ನಿಂತಿದ್ದರು. ಅಷ್ಟಾದರೂ ಬೆಂಚಿನಲ್ಲಿ ಕೂರಲು ಯಾರೂ ಮುಂದೆ ಬರಲಿಲ್ಲ. ನನಗೂ ಮನಸ್ಸಿರಲಿಲ್ಲ, ಆದರೆ ಮೊಣಕಾಲು ಕೇಳಬೇಕಲ್ಲ. ಒಬ್ಬನೇ ಕೂತೆ.

ಹರ್ಷಿತಾ ಗೌಡರ ಬಿಪಿ ನೋಡಿ, “ಎಲ್ಲ ಒಳ್ಳೆದುಂಟು” ಅಂದಳು. ಚಪ್ಪಾಳೆ ಗೋಡೆ ಅದುರುವ ಹಾಗೆ ಬಿತ್ತು. ಶಾರದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆ ನನ್ನ ಸಕ್ಕರೆ ನೋಡ್ತೀರಾ ಅಂತ ಕೇಳಿದರು. ಇನ್ನಿಬ್ಬರು ನಮ್ಮದೂ ಅಂದರು. ಮಂಗಳೂರಿನ ಸೀಟು ಆ ಗಳಿಗೆಯಲ್ಲಿ ಹೋಯಿತು ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

“ಧನ್ಯವಾದ ಹೋದ ಸಲವೇ ಹೇಳಿ ಆಯ್ತು. ಒಬ್ಬರದ್ದು ಬಾಕಿ ಉಂಟು” ಅಂದಳು ಹರ್ಷಿತಾ. “ಆ ದಿನ ನಾನು ಬಿಪಿ ಪಟ್ಟಿ ಬಿಚ್ಚಲಿಕ್ಕೆ ಹೊರಟಿದ್ದೆ. ನನಗೆ ಎಂತ ಕೂಡ ಗೊತ್ತಾಗಿರ್ಲಿಲ್ಲ. ಆ ಬೆಂಚಿನಲ್ಲಿ ಕೂತಿದ್ದವರು ಕೆಮ್ಮಿ, ಇನ್ನೊಮ್ಮೆ ನೋಡುವ ಅಂತ ಹೇಳಿದ್ರು. ಹೇಳದಿದ್ರೆ ಅಜ್ಜ ಇವತ್ತು ಇಲ್ಲ. ಶೀನ ಮಾಮ, ನಿಮಗೆ ಧನ್ಯವಾದ.”

ಹೇಳಿದ್ದು ನಾನಲ್ಲ ಅನ್ನಲು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಸರು ಕರೆದರೆ ಎದ್ದು ಕೈ ಮುಗಿಯಬೇಕು ಅಂತ ಊರಿಗೆಲ್ಲ ಹೇಳಿಕೊಟ್ಟವನು ನಾನೇ. ಕಾಲು ತಾನಾಗಿಯೇ ಎದ್ದಿತು. ನಾನು ಎದ್ದಾಗ, ಭಾರಕ್ಕೆ ಬಗ್ಗಿದ್ದ ಬೆಂಚಿನ ಹಳೆಯ ಹಲಗೆ ಕಿರ್ ಅಂತ ಸದ್ದು ಮಾಡಿ ಸ್ವಲ್ಪ ಮೇಲೆ ಬಂತು.

ಕೈ ಮುಗಿದೆ. ಚಪ್ಪಾಳೆ ಶುರುವಾಯಿತು.

ನನ್ನ ಬಲಗಡೆಯಲ್ಲಿ ಹಲಗೆ ಇನ್ನೊಮ್ಮೆ ಕಿರ್ ಎಂದು ಪೂರ್ತಿ ಮೇಲೆದ್ದಿತು.